ನಮ್ಮ ಮಾಡೆಲ್ ವಿಮಾನಕ್ಕೆ ವಿಂಗ್‌ಲೆಟ್ ಹಾಕೋದಾ ಬೇಡ್ವಾ? 80 ಗ್ರಾಂ ತೂಕಕ್ಕೆ ಲಾಭ ಇದೆಯಾ?

ಫೋಮ್‌ಬೋರ್ಡ್_ಹುಡುಗ
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ಕಡೆ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ನಾವು ಐದು ಜನ ಸೇರಿ ಒಂದು ರೇಡಿಯೋ ಕಂಟ್ರೋಲ್ ವಿಮಾನ ಮಾಡುತ್ತಿದ್ದೇವೆ. ರೆಕ್ಕೆ ತುದಿಯಿಂದ ತುದಿಗೆ 2 ಮೀಟರ್, ಅಗಲ 25 ಸೆಂ.ಮೀ., ತೂಕ 3.5 ಕೆಜಿ. ಸೆಕೆಂಡಿಗೆ ಸುಮಾರು 15 ಮೀಟರ್ ವೇಗದಲ್ಲಿ ಹಾರುತ್ತದೆ.

ನಮ್ಮ ಗೈಡ್ ಬಂದು ನೋಡಿ, "ಏರ್‌ಬಸ್‌ಗೇ ಇದೆ, ನಿಮಗ್ಯಾಕೆ ಇಲ್ಲ? ವಿಂಗ್‌ಲೆಟ್ ಹಾಕಿ" ಅಂದರು. ರೆಕ್ಕೆಯ ತುದಿಯಲ್ಲಿ ಮೇಲಕ್ಕೆ ನಿಲ್ಲಿಸುವ ಪುಟ್ಟ ತುಂಡು ಅದು. 15 ಸೆಂ.ಮೀ. ಎತ್ತರದ್ದು ಒಂದು ಜೊತೆ ಕತ್ತರಿಸಿ, ಅಂಟಿಸುವ ಸಾಮಾನು ಸೇರಿಸಿ ತೂಗಿದೆವು. 80 ಗ್ರಾಂ ಬಂತು. ಅದೇ 80 ಗ್ರಾಂಗೆ ಬ್ಯಾಟರಿ ದೊಡ್ಡದು ಹಾಕಬಹುದು ಅಂತ ನನ್ನ ವಾದ.

ಇನ್ನೊಂದು ಡೌಟು. ಹೋದ ತಿಂಗಳು ಮೊದಲ ಸಲ ವಿಮಾನ ಹತ್ತಿದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದ ಎಟಿಆರ್‌ಗೆ ವಿಂಗ್‌ಲೆಟ್ ಇರಲಿಲ್ಲ. ಬೆಂಗಳೂರಿಂದ ದೆಹಲಿಗೆ ಹೋದ ಎ320ಗೆ ಆಳೆತ್ತರಕ್ಕಿಂತ ದೊಡ್ಡದು ಇತ್ತು. ಅಷ್ಟು ಒಳ್ಳೇದಾದರೆ ಎಟಿಆರ್‌ನವರು ಯಾಕೆ ಬಿಟ್ಟರು?

ಗರುಡ_ಗಿರಿ
ಸಿಂಪಲ್ ಗುರು. ರೆಕ್ಕೆ ಕೆಳಗೆ ಗಾಳಿಯ ಒತ್ತಡ ಜಾಸ್ತಿ, ಮೇಲೆ ಕಡಿಮೆ. ತುದಿಯಲ್ಲಿ ಕೆಳಗಿನ ಗಾಳಿ ಸುತ್ತಿಕೊಂಡು ಮೇಲೆ ಬರುತ್ತದೆ, ಸುಳಿ ಆಗುತ್ತದೆ. ಆ ಸುಳಿಯೇ ವಿಮಾನವನ್ನು ಹಿಂದಕ್ಕೆ ಎಳೆಯೋದು, ಆ ಎಳೆತವೇ ಡ್ರ್ಯಾಗ್. ವಿಂಗ್‌ಲೆಟ್ ಅಂದರೆ ಒಂದು ಗೋಡೆ. ಗಾಳಿ ದಾಟೋಕೆ ಬಿಡಲ್ಲ. ಸುಳಿ ಇಲ್ಲ, ಡ್ರ್ಯಾಗ್ ಇಲ್ಲ. ಕಣ್ಣು ಮುಚ್ಚಿಕೊಂಡು ಹಾಕಿ. ಹದ್ದು ಕೂಡ ರೆಕ್ಕೆ ತುದಿ ಮೇಲಕ್ಕೆತ್ತಿಯೇ ಹಾರೋದು, ನೋಡಿಲ್ವಾ?

ಸಂಜೆ_ಡ್ರೈವ್
ನನ್ನ ಕಾರಿಗೂ ಡಿಕ್ಕಿ ಮೇಲೆ ಒಂದು ಹಾಕಿಸಿದ್ದೆ. ಮೈಲೇಜ್ ಏನೂ ಜಾಸ್ತಿ ಆಗಲಿಲ್ಲ. ದುಡ್ಡು ದಂಡ.

ಗರುಡ_ಗಿರಿ
ಅದು ಸ್ಪಾಯ್ಲರ್ ಸ್ವಾಮಿ. ಬೇರೆ ವಿಷಯ.

ಹಳೇ_ಗಾಳಿಸುರಂಗ
ಗಿರಿಯವರು ಹೇಳಿದ್ದರಲ್ಲಿ ಮೊದಲ ಅರ್ಧ ಸರಿ. ಕೆಳಗಿನ ಗಾಳಿ ಮೇಲಕ್ಕೆ ಸುತ್ತುವುದು ನಿಜ. "ಗೋಡೆ" ಅನ್ನೋ ಮಾತು ಮಾತ್ರ ದಾರಿ ತಪ್ಪಿಸುತ್ತದೆ. ನಾನು ಮೂವತ್ತು ವರ್ಷ ಗಾಳಿ ಸುರಂಗದಲ್ಲಿ ಮಾಡೆಲ್ ನೇತುಹಾಕಿ ಡ್ರ್ಯಾಗ್ ಅಳೆದವನು. ಈ ಗೋಡೆ ಕಥೆಯನ್ನು ಹೊಸದಾಗಿ ಸೇರಿದ ಪ್ರತಿ ಹುಡುಗನಿಂದಲೂ ಕೇಳಿದ್ದೇನೆ.

ವಿಮಾನ ಗಾಳಿಯಲ್ಲಿ ನಿಲ್ಲಬೇಕಾದರೆ ಗಾಳಿಯನ್ನು ಕೆಳಕ್ಕೆ ತಳ್ಳಲೇಬೇಕು. ಹರಿಗೋಲಿನ ಹುಟ್ಟನ್ನು ನೆನೆಸಿಕೊಳ್ಳಿ. ಅಗಲವಾದ ಹುಟ್ಟಾದರೆ ಜಾಸ್ತಿ ನೀರನ್ನು ನಿಧಾನವಾಗಿ ತಳ್ಳುತ್ತೀರಿ, ತೋಳು ನೋಯುವುದಿಲ್ಲ. ಹುಟ್ಟಿನ ಜಾಗದಲ್ಲಿ ಬರೀ ಕೋಲು ಹಿಡಿದರೆ ಸಿಗುವ ಸ್ವಲ್ಪ ನೀರನ್ನೇ ಜೋರಾಗಿ ತಳ್ಳಬೇಕು, ದೋಣಿ ಅಷ್ಟೇ ಸಾಗಿದರೂ ತೋಳು ಬಿದ್ದುಹೋಗುತ್ತದೆ. ಉದ್ದ ರೆಕ್ಕೆ ಅಗಲ ಹುಟ್ಟು ಇದ್ದ ಹಾಗೆ. ಹೀಗೆ ಗಾಳಿ ತಳ್ಳುವುದಕ್ಕೆ ಕೊಡುವ ಬೆಲೆಯೇ ಇಂಡ್ಯೂಸ್ಡ್ ಡ್ರ್ಯಾಗ್.

ತುದಿಯ ಸುಳಿ ಅದರ ಕಾರಣ ಅಲ್ಲ, ಗುರುತು. ಎತ್ತಿನ ಗಾಡಿಯ ಹಿಂದೆ ಧೂಳು ಏಳುತ್ತದೆ. ಧೂಳಿಗೆ ನೀರು ಹೊಡೆದರೆ ಎತ್ತಿಗೆ ಹೊರೆ ಕಡಿಮೆ ಆಗುತ್ತದೆಯೇ? ಸುಳಿ ಹುಟ್ಟುವುದು ರೆಕ್ಕೆಯ ಹಿಂಬದಿಯ ಇಡೀ ಅಂಚಿನಿಂದ. ಒಂದು ಹಾಳೆಯ ಹಾಗೆ ಹೊರಟು, ಆಮೇಲೆ ಎರಡು ತುದಿಗಳ ಹಿಂದೆ ಸುರುಳಿ ಸುತ್ತಿಕೊಳ್ಳುತ್ತದೆ. ವಿಂಗ್‌ಲೆಟ್ ಇದ್ದರೂ ಸುಳಿ ಇದ್ದೇ ಇರುತ್ತದೆ. ರೆಕ್ಕೆ ಕೊಡುವ ಎತ್ತುಬಲ, ಅಂದರೆ ಲಿಫ್ಟ್, ಇದ್ದ ಮೇಲೆ ಸುಳಿ ಇರಲೇಬೇಕು.

ಹಾಗಾದರೆ ವಿಂಗ್‌ಲೆಟ್ ಮಾಡೋದೇನು? ಅದೂ ಒಂದು ರೆಕ್ಕೆಯೇ, ನಿಂತುಕೊಂಡಿದೆ ಅಷ್ಟೇ. ಅದರ ಲಿಫ್ಟ್ ಒಳಗಡೆಗೆ, ವಿಮಾನದ ಮೈ ಕಡೆಗೆ. ಆ ಹಾಳೆಯನ್ನು ಎತ್ತರಕ್ಕೂ ಹರಡುತ್ತದೆ. ಗಾಳಿಯ ಲೆಕ್ಕದಲ್ಲಿ ರೆಕ್ಕೆ ಸ್ವಲ್ಪ ಉದ್ದವಾದ ಹಾಗೆ.

ಗರುಡ_ಗಿರಿ
ಸರ್, ಗೋಡೆ ಅಲ್ಲದಿದ್ದರೆ ಬರೀ ಚಪ್ಪಟೆ ತಗಡು ಹಾಕಿದರೂ ಕೆಲಸ ಮಾಡುತ್ತದೆ ಅಂತಾರಲ್ಲ?

ಹಳೇ_ಗಾಳಿಸುರಂಗ
ಮಾಡುತ್ತದೆ, ಸ್ವಲ್ಪ. ರೆಕ್ಕೆ ತುದಿಗೆ ತಗಡು ಹಾಕುವ ಯೋಚನೆ ರೈಟ್ ಸಹೋದರರು ಹಾರುವ ಮೊದಲೇ ಇತ್ತು. ಇಂಗ್ಲೆಂಡಿನ ಲ್ಯಾಂಚೆಸ್ಟರ್ 1897ರಲ್ಲೇ ಪೇಟೆಂಟ್ ತೆಗೆದುಕೊಂಡಿದ್ದರು. ಆದರೆ ತಗಡಿಗೆ ಗಾಳಿ ಉಜ್ಜಿ ಆಗುವ ನಷ್ಟ, ಉಳಿಸಿದ್ದನ್ನು ತಿಂದುಹಾಕುತ್ತಿತ್ತು. ನಾಸಾ ಲ್ಯಾಂಗ್ಲಿಯ ರಿಚರ್ಡ್ ವಿಟ್ಕಂಬ್ 1970ರ ದಶಕದಲ್ಲಿ ಅದನ್ನು ತಗಡು ಅಂತ ನೋಡದೆ, ಒಳ್ಳೆ ಏರ್‌ಫಾಯಿಲ್, ಅಂದರೆ ರೆಕ್ಕೆಯ ಅಡ್ಡಕೊಯ್ತದ ಆಕಾರ, ಇರುವ ಪುಟ್ಟ ರೆಕ್ಕೆ ಅಂತ ನೋಡಿದರು. ಎಷ್ಟು ಓರೆ, ಮೂತಿ ಎತ್ತ ಕಡೆ, ಎಲ್ಲವನ್ನೂ ಕೂತು ಲೆಕ್ಕ ಹಾಕಿದರು. ಅಲ್ಲಿಂದ ಲಾಭ ಕಾಣತೊಡಗಿತು.

ಲೆಕ್ಕದ_ಮೇಷ್ಟ್ರು
ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು, ವಿಮಾನ ಗೊತ್ತಿಲ್ಲ. ಆದರೆ ತೂಕದ ಮಾತು ಬಂದಿದ್ದರಿಂದ ಕೇಳುತ್ತೇನೆ. ಎ320ರ ವಿಂಗ್‌ಲೆಟ್‌ಗೆ ಶಾರ್ಕ್‌ಲೆಟ್ ಅಂತಾರಂತೆ, ಅದನ್ನು ಹಾಕಿದರೆ ವಿಮಾನದ ತೂಕ ಸುಮಾರು 200 ಕೆಜಿ ಹೆಚ್ಚುತ್ತದೆ ಅಂತ ಓದಿದ್ದೆ. ಅಂದರೆ ಎರಡೂವರೆ ಪ್ರಯಾಣಿಕರು. ಪ್ರತಿ ಹಾರಾಟಕ್ಕೂ ಎರಡು ಸೀಟು ನಷ್ಟ ಮಾಡಿಕೊಂಡು ಇಂಧನ ಉಳಿಸಿದರೆ ಏನು ಬಂತು?

ಹಳೇ_ಗಾಳಿಸುರಂಗ
ಮೇಷ್ಟ್ರೇ, ಸೀಟು ಎಲ್ಲೂ ಹೋಗುವುದಿಲ್ಲ. ವಿಮಾನ ತನ್ನ ಗರಿಷ್ಠ ತೂಕಕ್ಕೆ ತುಂಬಿ ಹೊರಟಾಗ ಮಾತ್ರ 200 ಕೆಜಿಗೆ ಏನನ್ನಾದರೂ ಇಳಿಸಬೇಕು. ಬೆಂಗಳೂರು-ದೆಹಲಿಯಂಥ ದೂರಕ್ಕೆ ಸಾಮಾನ್ಯವಾಗಿ ಅಷ್ಟು ತುಂಬುವುದಿಲ್ಲ.

ಈಗ ಬರೀ ಹೊತ್ತುಕೊಂಡು ಹೋಗುವ ಖರ್ಚು ನೋಡಿ. ಜೆಟ್ ವಿಮಾನಗಳಲ್ಲಿ ಒಂದು ಒರಟು ಲೆಕ್ಕ ಇದೆ. ಹೆಚ್ಚುವರಿ ತೂಕದ ಶೇಕಡಾ 3-4ರಷ್ಟು ಇಂಧನ ಪ್ರತಿ ಗಂಟೆಗೆ ಜಾಸ್ತಿ ಹೋಗುತ್ತದೆ. 200 ಕೆಜಿಗೆ ಗಂಟೆಗೆ 7 ಕೆಜಿ ಅಂತಿಟ್ಟುಕೊಳ್ಳಿ. ಎ320 ಗಂಟೆಗೆ ಹತ್ತಿರ ಹತ್ತಿರ 2,400 ಕೆಜಿ ಸುಡುತ್ತದೆ. ಶಾರ್ಕ್‌ಲೆಟ್‌ನಿಂದ ಬರೀ ಶೇ 3 ಉಳಿದರೂ 72 ಕೆಜಿ. ಕೊಡುವುದು 7, ಬರುವುದು 72. ಅದೂ ಹೊರಗೆ ಹೇಳುವ ಶೇಕಡಾವಾರಿನಲ್ಲಿ ಈ ತೂಕದ ನಷ್ಟವನ್ನು ಮೊದಲೇ ಕಳೆದಿರುತ್ತಾರೆ.

ಲೆಕ್ಕದ_ಮೇಷ್ಟ್ರು
ಹಾಗಾದರೆ ತೂಕದ ಪ್ರಶ್ನೆಯೇ ಇಲ್ಲ ಅಂತಾಯಿತು. ಎಟಿಆರ್‌ನವರು ದಡ್ಡರಾ?

ಹಳೇ_ಗಾಳಿಸುರಂಗ
ದಡ್ಡರಲ್ಲ. ಎಟಿಆರ್‌ಗೆ ಆಮೇಲೆ ಬರುತ್ತೇನೆ. ಮೊದಲು ತೂಕ ಎಲ್ಲಿ ಕಾಡುತ್ತದೆ ಅಂತ ಹೇಳಿಬಿಡುತ್ತೇನೆ.

ತೂಕ ಕಾಡುವುದು ತಕ್ಕಡಿಯಲ್ಲಿ ಅಲ್ಲ, ರೆಕ್ಕೆಯ ಬುಡದಲ್ಲಿ. ಬಿಂದಿಗೆಯನ್ನು ಎದೆಗೆ ಅವುಚಿಕೊಂಡು ನಿಲ್ಲುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ವಿಂಗ್‌ಲೆಟ್ ಹಾಕಿದಾಗ ರೆಕ್ಕೆಯ ತುದಿ ಜಾಸ್ತಿ ಲಿಫ್ಟ್ ಕೊಡುತ್ತದೆ. ಅದು ಬುಡವನ್ನು ಮೇಲಕ್ಕೆ ಬಗ್ಗಿಸುತ್ತದೆ. ಹಾಗಾಗಿ ರೆಕ್ಕೆಯೊಳಗಿನ ತೊಲೆಯಂಥ ಸ್ಪಾರ್, ಹೊರಗಿನ ಚರ್ಮ ಎಲ್ಲ ದಪ್ಪ ಮಾಡಬೇಕು. ತುದಿಯಲ್ಲಿ ತೂಕ ಕೂತರೆ ರೆಕ್ಕೆ ಅದುರುವ ರೀತಿಯೂ ಬದಲಾಗುತ್ತದೆ, ಫ್ಲಟರ್ ಪರೀಕ್ಷೆ ಹೊಸದಾಗಿ ಮಾಡಬೇಕು. ಹಾಗಾಗಿ ವಿಂಗ್‌ಲೆಟ್ ಜೊತೆ ಈ ಬಲಪಡಿಸುವ ಕೆಲಸದ ತೂಕವನ್ನೂ ಸೇರಿಸಿ ನೋಡಬೇಕು. ಹಳೇ ವಿಮಾನದಲ್ಲಿ ಮೊದಲೇ ಬಲ ಮಿಕ್ಕಿದ್ದರೆ ಅಗ್ಗದಲ್ಲಿ ಮುಗಿಯುತ್ತದೆ, ಇಲ್ಲದಿದ್ದರೆ ರೆಕ್ಕೆಯನ್ನೇ ಬಿಚ್ಚಬೇಕಾಗುತ್ತದೆ.

ಸ್ಪ್ಯಾನರ್_ಶೆಟ್ಟಿ
ಬಿಚ್ಚುವ ಮಾತು ಬಂತಲ್ಲ, ಹಾಗಾಗಿ ಬಂದೆ ಮಾರಾಯ್ರೇ. ನಾನು ಲೈನ್ ಮೇಂಟೆನೆನ್ಸ್‌ನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಇಲ್ಲಿ ಯಾರೂ ಹೇಳದ ಖರ್ಚು ಒಂದಿದೆ. ವಿಂಗ್‌ಲೆಟ್ ಇರುವುದು ವಿಮಾನದ ತೀರಾ ಹೊರಗಿನ ಮೂಲೆಯಲ್ಲಿ. ಏನೇ ತಾಗಿದರೂ ಮೊದಲು ತಾಗುವುದು ಅದಕ್ಕೇ.

ಹಿಂದೆ ಒಂದು ಕಡೆ ಕೆಲಸ ಮಾಡುವಾಗ ರಾತ್ರಿ ಎರಡು ಗಂಟೆಗೆ ವಿಮಾನವನ್ನು ಹ್ಯಾಂಗರ್ ಒಳಗೆ ಎಳೆಯುತ್ತಿದ್ದರು. ರೆಕ್ಕೆ ನೋಡಿಕೊಳ್ಳಬೇಕಾದವನು ಫೋನ್ ನೋಡುತ್ತಿದ್ದ. ಬಾಗಿಲ ಕಂಬಕ್ಕೆ ತುದಿ ಉಜ್ಜಿತು. ಶಬ್ದವೇ ಬರಲಿಲ್ಲ. ಬಣ್ಣದ ಮೇಲೆ ಬೆರಳುದ್ದದ ಗೀರು, ಅಷ್ಟೇ. "ಪೇಂಟ್ ಹೊಡೆದು ಬಿಡಿ" ಅಂತ ಒಬ್ಬರು ಅಂದರು.

ಆ ತುದಿ ಕಾಂಪೋಸಿಟ್‌ನದು, ನಾರಿನ ಪದರಗಳನ್ನು ಅಂಟಿಸಿ ಮಾಡಿದ್ದು. ಅದು ಹಾಗಲ್ಲ. ಲೋಹವಾದರೆ ತಗ್ಗು ಕಾಣುತ್ತದೆ. ಇದು ಮೇಲೆ ಚೆನ್ನಾಗಿಯೇ ಇದ್ದು ಒಳಗೆ ಪದರ ಬಿಟ್ಟಿರುತ್ತದೆ. ನಮ್ಮ ಸೀನಿಯರ್ ಒಂದು ನಾಣ್ಯದ ಗಾತ್ರದ ಪುಟ್ಟ ಸುತ್ತಿಗೆ ತಗೊಂಡು ಗೀರಿನ ಸುತ್ತ ಟಕ್ ಟಕ್ ಅಂತ ತಟ್ಟುತ್ತಾ ಹೋದರು. ಟಣ್, ಟಣ್, ಟಣ್, ಆಮೇಲೆ ಒಂದು ಕಡೆ ದಬ್. ತೆಂಗಿನಕಾಯಿ ತಟ್ಟಿ ನೋಡಿದ ಹಾಗೆಯೇ. ಆ ದಬ್ ಅನ್ನುವ ಜಾಗಕ್ಕೆ ಮಾರ್ಕರ್‌ನಿಂದ ಗೆರೆ ಎಳೆದರೆ ಊಟದ ತಟ್ಟೆಯಷ್ಟು ದೊಡ್ಡದಿತ್ತು! ಬೆರಳುದ್ದದ ಗೀರಿಗೆ. ಎರಡು ದಿನ ವಿಮಾನ ನಿಂತಿತು. ಎರಡು ದಿನ ಹಾರದ ನಷ್ಟವನ್ನು ಸರ್ ಹೇಳಿದ 72 ಕೆಜಿಯಲ್ಲಿ ಎಷ್ಟು ಗಂಟೆಗೆ ತೀರಿಸೋದು ಅಂತ ಮೇಷ್ಟ್ರು ಹೇಳಲಿ.

ಲೆಕ್ಕದ_ಮೇಷ್ಟ್ರು
ನಷ್ಟದ ಮೊತ್ತ ಕೊಟ್ಟರೆ ಹೇಳುತ್ತೇನೆ ಶೆಟ್ಟರೇ.

ಸ್ಪ್ಯಾನರ್_ಶೆಟ್ಟಿ
ಅದನ್ನು ನಮಗೆಲ್ಲಿ ಹೇಳ್ತಾರೆ. ಬೈಗುಳ ಮಾತ್ರ ಹಂಚ್ತಾರೆ.

ಹಳೇ_ಗಾಳಿಸುರಂಗ
ಶೆಟ್ಟರ ಮಾತು ಸರಿ, ಇದು ಕಾಗದದ ಲೆಕ್ಕದಲ್ಲಿ ಬರುವುದಿಲ್ಲ.

ಈಗ ಎಟಿಆರ್. ಒಂದು ಪ್ರಶ್ನೆ ಕೇಳಿಕೊಳ್ಳಿ. ವಿಂಗ್‌ಲೆಟ್ ಅಂದರೆ ರೆಕ್ಕೆ ಉದ್ದ ಮಾಡಿದ ಹಾಗೆ ಅಂತಾದರೆ, ರೆಕ್ಕೆಯನ್ನೇ ಉದ್ದ ಮಾಡಬಾರದೇಕೆ? ಬೋಯಿಂಗ್ 737-800 ನೋಡಿ. ಮೊದಲು ಅದರ ರೆಕ್ಕೆ 34.3 ಮೀಟರ್ ಇತ್ತು. ಆ ದರ್ಜೆಯ ವಿಮಾನ ನಿಲ್ಲುವ ಜಾಗಕ್ಕೆ ಅಂತರರಾಷ್ಟ್ರೀಯ ನಿಯಮದಲ್ಲಿ 36 ಮೀಟರ್‌ನ ಮಿತಿ. ದಾಟಿದರೆ ದೊಡ್ಡ ವಿಮಾನದ ಜಾಗದಲ್ಲಿ ನಿಲ್ಲಿಸಬೇಕು. ವಿಂಗ್‌ಲೆಟ್ ಹಾಕಿದ ಮೇಲೆ ಅದರ ಉದ್ದ ಎಷ್ಟಾಯಿತು ಗೊತ್ತಾ? 35.8. ಇರುವ ಜಾಗವನ್ನೆಲ್ಲ ಅಡ್ಡಕ್ಕೆ ಬಳಸಿ, ಉಳಿದದ್ದಕ್ಕೆ ಮೇಲಕ್ಕೆ ಹೋದರು. ಶಾರ್ಕ್‌ಲೆಟ್ ಹಾಕಿದ ಎ320 ಕೂಡ 35.8. ಸೈಟಿನಲ್ಲಿ ಅಡ್ಡಕ್ಕೆ ಜಾಗ ಇಲ್ಲ, ಮಹಡಿ ಕಟ್ಟಿದರು.

ಎಟಿಆರ್ 72ರ ರೆಕ್ಕೆ 27 ಮೀಟರ್. 36ಕ್ಕೆ ಇನ್ನೂ ಒಂಬತ್ತು ಮೀಟರ್ ಇದೆ. ಬೇಕಿದ್ದರೆ ಅಡ್ಡಕ್ಕೇ ಬೆಳೆಸಬಹುದಿತ್ತು, ಮಹಡಿ ಯಾಕೆ? ಜೊತೆಗೆ ಅದರ ರೆಕ್ಕೆ ಮೊದಲೇ ಸಪೂರ ಮತ್ತು ಉದ್ದ. 23 ಟನ್ ತೂಕ 27 ಮೀಟರ್ ಮೇಲೆ ಹಂಚಿದೆ, ಮೀಟರಿಗೆ 850 ಕೆಜಿ. 737-800ರಲ್ಲಿ 79 ಟನ್ 34 ಮೀಟರ್ ಮೇಲೆ, ಮೀಟರಿಗೆ 2,300 ಕೆಜಿ. ಇಂಡ್ಯೂಸ್ಡ್ ಡ್ರ್ಯಾಗ್ ಈ ಅಂಕಿಯ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎಟಿಆರ್ ನಿಧಾನಕ್ಕೆ ಹಾರುವುದರಿಂದ ಆ ಅನುಕೂಲ ಸ್ವಲ್ಪ ಕಡಿಮೆ ಆಗುತ್ತದೆ, ಆದರೂ ಉಳಿಸಲು ಅಲ್ಲಿ ಇರುವುದೇ ಕಡಿಮೆ.

ಫೋಮ್‌ಬೋರ್ಡ್_ಹುಡುಗ
ಸರ್, 737ಕ್ಕೆ ಎಷ್ಟು ಉಳಿಯಿತು ಅಂತ ಕೈಲೆಕ್ಕ ಮಾಡಿ ತೋರಿಸಬಹುದಾ? ನಮಗೂ ಅದೇ ರೀತಿ ಮಾಡಿಕೊಳ್ಳೋಣ ಅಂತ.

ಹಳೇ_ಗಾಳಿಸುರಂಗ
ಮಾಡೋಣ. ಒರಟು ಸೂತ್ರ: ನಿಂತ ವಿಂಗ್‌ಲೆಟ್‌ನ ಎತ್ತರ, ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಉದ್ದದ ಚಾಚಿದ ರೆಕ್ಕೆಗೆ ಸಮ. 737ರದ್ದು 2.4 ಮೀಟರ್ ಎತ್ತರ. ಒಂದೊಂದು ಕಡೆ 1.1 ಮೀಟರ್ ಅಂತಿಟ್ಟುಕೊಳ್ಳಿ. 34.3 ಇದ್ದದ್ದು ಗಾಳಿಯ ಲೆಕ್ಕದಲ್ಲಿ 36.5 ಆಯಿತು. ಎರಡರ ಅನುಪಾತದ ವರ್ಗ ತೆಗೆದರೆ 0.88. ಅಂದರೆ ಇಂಡ್ಯೂಸ್ಡ್ ಡ್ರ್ಯಾಗ್ ಶೇ 12 ಇಳಿಯಿತು.

ಎತ್ತರದಲ್ಲಿ ಸಮವಾಗಿ ಹಾರುವಾಗ ಒಟ್ಟು ಡ್ರ್ಯಾಗ್‌ನಲ್ಲಿ ಇದರ ಪಾಲು ಸುಮಾರು ಶೇ 40. 12ರಲ್ಲಿ 40 ಪಾಲು ಅಂದರೆ ಹತ್ತಿರ ಹತ್ತಿರ 5. ವಿಂಗ್‌ಲೆಟ್ ಮೈಗೆ ಗಾಳಿ ಉಜ್ಜುವ ನಷ್ಟ, ತೂಕದ ನಷ್ಟ ಕಳೆಯಿರಿ, ಶೇ 4ರ ಆಸುಪಾಸು ಉಳಿಯುತ್ತದೆ. ಬೋಯಿಂಗ್ ಪ್ರಕಟಿಸಿದ ಅಂಕಿಯೂ ಅಲ್ಲೇ ಇದೆ. 1,000 ನಾಟಿಕಲ್ ಮೈಲಿ ಹಾರಾಟಕ್ಕೆ ಶೇ 3.5. 500 ಮೈಲಿಗೆ ಬಂದರೆ 2.5.

ಗರುಡ_ಗಿರಿ
ಹತ್ತುವಾಗ ನಿಧಾನ, ಆಗಲೇ ಇಂಡ್ಯೂಸ್ಡ್ ಜಾಸ್ತಿ. ಹತ್ತಿರದ ಹಾರಾಟದಲ್ಲಿ ಹತ್ತುವುದೇ ಹೆಚ್ಚು ಹೊತ್ತು. ಹಾಗಾದರೆ ಅಲ್ಲೇ ಲಾಭ ಜಾಸ್ತಿ ಇರಬೇಕಿತ್ತಲ್ಲ? ನಿಮ್ಮ ಅಂಕಿ ಉಲ್ಟಾ ಇದೆ.

ಹಳೇ_ಗಾಳಿಸುರಂಗ
ಒಳ್ಳೆ ಪ್ರಶ್ನೆ ಗಿರಿ. ನೆಲ ಬಿಟ್ಟ ತಕ್ಷಣದ ಮಾತಾದರೆ ನಿಮ್ಮದು ಸರಿ. ಆಗ ಡ್ರ್ಯಾಗ್‌ನ ಬಹುಪಾಲು ಇಂಡ್ಯೂಸ್ಡ್, ಶೇ 80 ಮೀರುತ್ತದೆ. ಬಿಸಿಲೂರಿನಲ್ಲಿ, ಎತ್ತರದ ರನ್‌ವೇಯಲ್ಲಿ ಒಂದು ಎಂಜಿನ್ ಕೆಟ್ಟರೂ ಹತ್ತಬೇಕು ಅನ್ನುವ ನಿಯಮಕ್ಕೆ ವಿಂಗ್‌ಲೆಟ್ ಕೊಡುವ ಸಹಾಯ ದೊಡ್ಡದು. ಅಲ್ಲಿ ಅದು ಇಂಧನ ಉಳಿಸುವುದಕ್ಕಿಂತ ಹೆಚ್ಚಾಗಿ, ಹೆಚ್ಚು ತೂಕ ಎತ್ತಲು ಬಿಡುತ್ತದೆ.

ಆದರೆ ಆ ಹೊತ್ತು ಬೇಗ ಕಳೆದುಹೋಗುತ್ತದೆ. ವಿಮಾನ ವೇಗ ಹಿಡಿದುಕೊಂಡೇ ಹತ್ತುತ್ತದೆ. ಹತ್ತಿರದ ಹಾರಾಟಕ್ಕೆ ಇಂಧನ ಕಡಿಮೆ ತುಂಬಿರುತ್ತಾರೆ, ಹಗುರ. ಎತ್ತರಕ್ಕೂ ಹೋಗುವುದಿಲ್ಲ, ಕೆಳಗಿನ ದಟ್ಟ ಗಾಳಿಯಲ್ಲೇ ಜೋರಾಗಿ ಹೋಗುತ್ತದೆ. ಹಗುರ, ದಟ್ಟ ಗಾಳಿ, ವೇಗ, ಮೂರೂ ಇಂಡ್ಯೂಸ್ಡ್ ಪಾಲನ್ನು ಇಳಿಸುತ್ತವೆ. ಜೊತೆಗೆ ನೆಲದ ಮೇಲೆ ರನ್‌ವೇಗೆ ಹೋಗಿ ಬರುವಾಗ ಸುಟ್ಟ ಇಂಧನಕ್ಕೆ ವಿಂಗ್‌ಲೆಟ್ ಏನೂ ಮಾಡಲಾರದು.

ಬೋಯಿಂಗ್‌ನವರೇ ವಿಂಗ್‌ಲೆಟ್ ತೆಗೆದ ಕಥೆ ಇದೆ. 747-400ಗೆ ಎರಡೂ ತುದಿಯಲ್ಲಿ ಚಾಚು ಮತ್ತು ವಿಂಗ್‌ಲೆಟ್ ಸೇರಿಸಿ 64.4 ಮೀಟರ್ ಮಾಡಿದ್ದರು. ಜಪಾನಿನ ಒಳಗೇ ಓಡಾಡುವ 747-400ಡಿ ಅಂತ ಒಂದು ಮಾದರಿ 1991ರಲ್ಲಿ ಬಂತು. ಐನೂರಕ್ಕೂ ಹೆಚ್ಚು ಜನರನ್ನು ತುಂಬಿಕೊಂಡು ಗಂಟೆ, ಒಂದೂವರೆ ಗಂಟೆ ಹಾರಾಟ, ದಿನಕ್ಕೆ ಎಷ್ಟೋ ಸಲ. ಅದಕ್ಕೆ ಚಾಚೂ ಇಲ್ಲ, ವಿಂಗ್‌ಲೆಟ್ಟೂ ಇಲ್ಲ. 59.6 ಮೀಟರ್. ಅಷ್ಟು ಚಿಕ್ಕ ಹಾರಾಟಕ್ಕೆ ಆ ತೂಕ, ಆ ಬೆಲೆ ಬೇಡ ಅಂತ ಬಿಟ್ಟರು. ಆದರೆ ಮುಂದೆ ದೂರದ ಹಾರಾಟಕ್ಕೆ ಬಳಸಬೇಕಾದರೆ ಹಾಕಿಕೊಳ್ಳುವ ಹಾಗೆ ಇಟ್ಟಿದ್ದರು.

ರೈನ್_ತೀರದ_ಕನ್ನಡಿಗ
ನಮ್ಮ ಕಡೆಯಿಂದ ಒಂದು ಮಾತು. ನಾನು ಜರ್ಮನಿಯಲ್ಲಿ ವಾರಾಂತ್ಯಕ್ಕೆ ಗ್ಲೈಡರ್ ಹಾರಿಸುತ್ತೇನೆ. ಎಂಜಿನ್ನೇ ಇಲ್ಲ, ಹಾಗಾಗಿ ಡ್ರ್ಯಾಗ್‌ನ ಒಂದೊಂದು ಗ್ರಾಂ ನಮಗೆ ಜೀವ.

ಸ್ಪರ್ಧೆಗಳಲ್ಲಿ 15 ಮೀಟರ್ ದರ್ಜೆ ಅಂತ ಇದೆ. ರೆಕ್ಕೆ 15 ಮೀಟರ್ ದಾಟುವ ಹಾಗಿಲ್ಲ. ಅಲ್ಲಿ ಎಲ್ಲರಿಗೂ ವಿಂಗ್‌ಲೆಟ್ ಇದೆ. ಬಿಸಿಯಾಗಿ ಮೇಲೇರುವ ಗಾಳಿಯ ಕಂಬದಲ್ಲಿ ನಿಧಾನಕ್ಕೆ ಸುತ್ತುವಾಗ ಅದು ಸಹಾಯ ಮಾಡುತ್ತದೆ. ಒಂದು ಕಂಬದಿಂದ ಇನ್ನೊಂದಕ್ಕೆ ಜೋರಾಗಿ ಓಡುವಾಗ ಅದೇ ವಿಂಗ್‌ಲೆಟ್ ಹೊರೆ. ಅಂದರೆ ಒಂದು ವೇಗ ಇದೆ, ಅದರ ಕೆಳಗೆ ಲಾಭ, ಮೇಲೆ ನಷ್ಟ. ಆ ವೇಗವನ್ನು ಎಷ್ಟು ಮೇಲಕ್ಕೆ ತಳ್ಳಬಹುದು ಅನ್ನೋದೇ ವಿನ್ಯಾಸಕರ ತಲೆನೋವು. ಮೊದಮೊದಲು ಹಾಕಿದವರು ಎಷ್ಟೋ ಜನ ಬೇಸತ್ತು ಗರಗಸ ತಗೊಂಡು ಕತ್ತರಿಸಿದ್ದಾರೆ ಅಂತ ನಮ್ಮ ಕ್ಲಬ್ಬಿನ ಹಿರಿಯರು ಹೇಳ್ತಾರೆ, ನಾನು ಕಂಡಿಲ್ಲ.

ನಾನು ಕಂಡದ್ದು ಇನ್ನೊಂದು. ರೆಕ್ಕೆ ಮತ್ತು ವಿಂಗ್‌ಲೆಟ್ ಸೇರುವ ಮೂಲೆಯ ಒಳಬದಿಗೆ ಕೆಂಪು ಉಣ್ಣೆ ದಾರದ ತುಂಡುಗಳನ್ನು ಟೇಪಿನಿಂದ ಅಂಟಿಸಿದ್ದೆವು. ಬೆರಳುದ್ದದ್ದು, ಒಂದರ ಪಕ್ಕ ಒಂದು. ಸಾಧಾರಣ ವೇಗದಲ್ಲಿ ಎಲ್ಲ ತಲೆ ಬಾಚಿದ ಹಾಗೆ ಹಿಂದಕ್ಕೆ ಮಲಗಿದ್ದವು. ನಿಧಾನ ಮಾಡುತ್ತಾ ಬಂದಂತೆ ಮೂಲೆಯ ಎರಡು ದಾರ ಮೊದಲು ನಡುಗಿದವು, ಆಮೇಲೆ ಹುಚ್ಚೆದ್ದು ಮುಂದಕ್ಕೇ ತಿರುಗಿದವು. ಅಲ್ಲಿ ಗಾಳಿ ಮೈ ಬಿಟ್ಟಿತ್ತು. ಸಹಾಯ ಬೇಕಾದ ಹೊತ್ತಿನಲ್ಲೇ ಕೈ ಕೊಡುತ್ತಿತ್ತು. ಮೂತಿಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ಕೂರಿಸಬೇಕು, ಟೋ ಅಂತಾರೆ. ರೆಕ್ಕೆ ತುದಿಯ ಮೇಲೆ ಗಾಳಿ ಒಳಕ್ಕೆ ಓರೆಯಾಗಿ ಬರುತ್ತದೆ. ನೇರ ಇಟ್ಟರೆ ಅದಕ್ಕೆ ಜಾಸ್ತಿ ಕೋನ ಸಿಕ್ಕಿ ಹೀಗಾಗುತ್ತದೆ.

ಸಂಜೆ_ಡ್ರೈವ್
ಎಂಜಿನ್ ಇಲ್ಲದೆ ಕೆಳಗೆ ಇಳಿಯೋದು ಸರಿ, ಮೇಲೆ ಹೇಗೆ ಹೋಗ್ತೀರಾ?

ರೈನ್_ತೀರದ_ಕನ್ನಡಿಗ
ವಿಂಚ್ ಹಾಕಿ ಎಳೀತಾರೆ, ಗಾಳಿಪಟದ ಹಾಗೆ. ಬೇರೆ ಚರ್ಚೆ ಶುರು ಮಾಡಿ, ಹೇಳ್ತೀನಿ.

ಹಳೇ_ಗಾಳಿಸುರಂಗ
ಹುಡುಗನ ಲೆಕ್ಕ ಮಾಡಿಬಿಟ್ಟೆ. ಗ್ರಾಂನಲ್ಲೇ ಹೇಳುತ್ತೇನೆ.

3.5 ಕೆಜಿ, 2 ಮೀಟರ್, ಸೆಕೆಂಡಿಗೆ 15 ಮೀಟರ್. ಇಂಡ್ಯೂಸ್ಡ್ ಡ್ರ್ಯಾಗ್ ಸುಮಾರು 85 ಗ್ರಾಂ. ಉಳಿದದ್ದು, ಅಂದರೆ ಮೈ, ಚಕ್ರ, ಬಾಲ, ರೆಕ್ಕೆಗೆ ಗಾಳಿ ಉಜ್ಜುವುದು, ನಿಮ್ಮಂಥ ವಿಮಾನಕ್ಕೆ 250 ಗ್ರಾಂ. ನಾಲ್ಕರಲ್ಲಿ ಒಂದು ಪಾಲು ಮಾತ್ರ ಇಂಡ್ಯೂಸ್ಡ್. 15 ಸೆಂ.ಮೀ. ವಿಂಗ್‌ಲೆಟ್ ಅದರಲ್ಲಿ ಶೇ 12 ಇಳಿಸುತ್ತದೆ, 10 ಗ್ರಾಂ ಲಾಭ. ವಿಂಗ್‌ಲೆಟ್ ಮೈಗೆ ಗಾಳಿ ಉಜ್ಜಿ 11 ಗ್ರಾಂ ನಷ್ಟ. ಚಿಕ್ಕ ಗಾತ್ರ, ಕಡಿಮೆ ವೇಗ, ಹಾಗಾಗಿ ಉಜ್ಜುವ ನಷ್ಟ ದೊಡ್ಡ ವಿಮಾನಕ್ಕಿಂತ ಜಾಸ್ತಿ. 80 ಗ್ರಾಂ ಹೊರಲು ಇನ್ನೊಂದು 4 ಗ್ರಾಂ ಹೋಯಿತು. ಒಟ್ಟು 5 ಗ್ರಾಂ ನಷ್ಟ.

ಅದೂ ಒಂದು ವ್ಯಾಟ್‌ಗಿಂತ ಕಡಿಮೆ. ನಿಮ್ಮ ಮೀಟರಿನಲ್ಲಿ ಕಾಣುವುದೂ ಇಲ್ಲ. ಹಾಕಬೇಡಿ. ಅಷ್ಟು ಆಸೆ ಇದ್ದರೆ ರೆಕ್ಕೆಯನ್ನೇ ಒಂದೊಂದು ಕಡೆ 7 ಸೆಂ.ಮೀ. ಉದ್ದ ಮಾಡಿ. ಅದೇ ಲಾಭ, ಕಾಲು ಭಾಗ ತೂಕ, ಜೊತೆಗೆ ಲಿಫ್ಟೂ ಕೊಡುತ್ತದೆ.

ಫೋಮ್‌ಬೋರ್ಡ್_ಹುಡುಗ
ಸರ್ ತುಂಬಾ ಥ್ಯಾಂಕ್ಸ್. ಆದರೆ ಉದ್ದ ಮಾಡೋ ಹಾಗಿಲ್ಲ. ಸ್ಪರ್ಧೆಯ ನಿಯಮದಲ್ಲಿ 2 ಮೀಟರ್ ದಾಟಬಾರದು ಅಂತ ಇದೆ.

ಹಳೇ_ಗಾಳಿಸುರಂಗ
ಸ್ಪರ್ಧೆಯಾ? ಏನು ಸ್ಪರ್ಧೆ?

ಫೋಮ್‌ಬೋರ್ಡ್_ಹುಡುಗ
ಸಾಮಾನು ಹೊತ್ತು ಹಾರುವುದು ಸರ್. 1.5 ಕೆಜಿ ಉಕ್ಕಿನ ಪ್ಲೇಟು ಹಾಕಿ ಕಡಿಮೆ ದೂರದಲ್ಲಿ ಏರಬೇಕು. ಸಾಮಾನು ಸೇರಿದರೆ 5 ಕೆಜಿ. ಹೇಳೋಕೆ ಮರೆತೆ.

ಸ್ಪ್ಯಾನರ್_ಶೆಟ್ಟಿ
ಮದುವೆ ಆಗಿ ಊಟ ಬಡಿಸುವಾಗ ಹುಡುಗಿ ಬೇರೆ ಅಂದ ಹಾಗಾಯಿತು.

ಹಳೇ_ಗಾಳಿಸುರಂಗ
ಇದನ್ನು ಮೊದಲೇ ಹೇಳಬಾರದಿತ್ತೇನಪ್ಪ! ಲೆಕ್ಕವೇ ಮಗುಚಿತು.

5 ಕೆಜಿ, ಈಗಷ್ಟೇ ನೆಲ ಬಿಟ್ಟು ಸೆಕೆಂಡಿಗೆ 13 ಮೀಟರ್. ಇಂಡ್ಯೂಸ್ಡ್ 230 ಗ್ರಾಂಗೆ ಏರಿತು, ಉಳಿದದ್ದು 190. ಅರ್ಧಕ್ಕಿಂತ ಜಾಸ್ತಿ ಪಾಲು ಇದರದ್ದೇ. ವಿಂಗ್‌ಲೆಟ್ ಉಳಿಸುವುದು 28, ಉಜ್ಜುವ ನಷ್ಟ 8, ತೂಕದ ನಷ್ಟ 7. ನಿವ್ವಳ 13 ಗ್ರಾಂ ಲಾಭ, ಒಟ್ಟು ಡ್ರ್ಯಾಗ್‌ನಲ್ಲಿ ಶೇ 3. ಮಿತಿ 2 ಮೀಟರ್ ಆದ್ದರಿಂದ ಅಡ್ಡಕ್ಕೆ ಹೋಗುವ ಹಾಗೂ ಇಲ್ಲ. 737ರ 36 ಮೀಟರ್ ಕಥೆಯೇ ನಿಮ್ಮದೂ. ಹಾಕಬಹುದು.

ಲೆಕ್ಕದ_ಮೇಷ್ಟ್ರು
ಒಂದು ನಿಮಿಷ. ಅಂಕ ಸಿಗೋದು ಹೊತ್ತ ಸಾಮಾನಿಗೆ ಅಲ್ವೇ? ಆ 80 ಗ್ರಾಂಗೆ ವಿಂಗ್‌ಲೆಟ್ ಬದಲು ಉಕ್ಕನ್ನೇ ಹಾಕಿದರೆ ಅಂಕ ಖಂಡಿತ. ವಿಂಗ್‌ಲೆಟ್‌ನಿಂದ 80 ಗ್ರಾಂಗಿಂತ ಜಾಸ್ತಿ ಸಾಮಾನು ಎತ್ತಲು ಆದರೆ ಮಾತ್ರ ಲಾಭ.

ಗರುಡ_ಗಿರಿ
ಮೇಷ್ಟ್ರು ಸಿಕ್ಸರ್ ಹೊಡೆದರು.

ಹಳೇ_ಗಾಳಿಸುರಂಗ
ಒಪ್ಪಿದೆ. ತೂಕ ಹೆಚ್ಚಿದರೆ ಇಂಡ್ಯೂಸ್ಡ್ ಎಷ್ಟು ಏರುತ್ತದೋ ಅಷ್ಟನ್ನು 28 ಗ್ರಾಂ ಉಳಿತಾಯದ ಎದುರು ಇಟ್ಟರೆ, ಡ್ರ್ಯಾಗ್ ಮಟ್ಟಿಗೆ ವಿಂಗ್‌ಲೆಟ್ ಸ್ವಲ್ಪ ಮುಂದಿದೆ. ಆದರೆ ನೆಲ ಬಿಡುವುದನ್ನು ತಡೆಯುತ್ತಿರುವುದು ಡ್ರ್ಯಾಗಾ, ಅಥವಾ ರೆಕ್ಕೆಯ ಲಿಫ್ಟ್ ಸಾಲದೆಯಾ? ಲಿಫ್ಟ್ ಸಾಲದಿದ್ದರೆ ಉಕ್ಕೂ ಬೇಡ, ವಿಂಗ್‌ಲೆಟ್ಟೂ ಬೇಡ, ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗುವ ಫ್ಲ್ಯಾಪ್ ಬೇಕು. ಇದು ಹಾರಿಸಿ ನೋಡದೆ ಹೇಳುವ ಮಾತಲ್ಲ.

ಅಮೆರಿಕದ ವಾಯುಪಡೆಗೂ ಇದೇ ಗೊಂದಲ. ವಿಟ್ಕಂಬ್ ವಿಂಗ್‌ಲೆಟ್‌ಗಳನ್ನು 1979-80ರಲ್ಲಿ, ಹಾರುತ್ತಲೇ ಬೇರೆ ವಿಮಾನಕ್ಕೆ ಇಂಧನ ತುಂಬುವ ಕೆಸಿ-135 ಟ್ಯಾಂಕರಿಗೆ ಹಾಕಿ ಹಾರಿಸಿದರು. ಶೇ 6ಕ್ಕಿಂತ ಜಾಸ್ತಿ ಉಳಿಯಿತು. ಆಮೇಲೂ ಆ ಟ್ಯಾಂಕರುಗಳಿಗೆ ವಿಂಗ್‌ಲೆಟ್ ಬರಲಿಲ್ಲ. ಹಣವನ್ನು ಹೊಸ ಎಂಜಿನ್‌ಗಳಿಗೆ ಹಾಕಿದರು.

ರೈನ್_ತೀರದ_ಕನ್ನಡಿಗ
ತಮ್ಮಾ, ಅಂಟಿಸಬೇಡ. ಎರಡು ನೈಲಾನ್ ಸ್ಕ್ರೂ ಹಾಕಿ ಬಿಚ್ಚುವ ಹಾಗೆ ಮಾಡು. ಬೆಳಿಗ್ಗೆ ಗಾಳಿ ಏಳುವ ಮೊದಲು ಮೂರು ಸಲ ಹಾಕಿ, ಮೂರು ಸಲ ತೆಗೆದು ಹಾರಿಸು. ತೆಗೆದಾಗ ಉಕ್ಕು ಹಾಕು. ಉಣ್ಣೆ ದಾರ ಮರೀಬೇಡ.

ಫೋಮ್‌ಬೋರ್ಡ್_ಹುಡುಗ
ಹಾರಿಸಿದೆವು! ಭಾನುವಾರ ಬೆಳಿಗ್ಗೆ ಆರೂವರೆ, ಗಾಳಿ ಇರಲಿಲ್ಲ. ನೆಲ ಬಿಟ್ಟ ಜಾಗಕ್ಕೆ ಸುಣ್ಣದ ಪುಡಿ ಹಾಕಿ ಟೇಪಿನಲ್ಲಿ ಅಳೆದೆವು. ವಿಂಗ್‌ಲೆಟ್ ಇದ್ದಾಗ 31, 34, 29 ಮೀಟರ್. ತೆಗೆದು ಉಕ್ಕು ಹಾಕಿದಾಗ 32, 30, 35. ಏನೂ ಗೊತ್ತಾಗಲಿಲ್ಲ.

ಸ್ಕ್ರೂ ಎಲ್ಲ ಸೇರಿ 80 ಗ್ರಾಂ 94 ಆಗಿತ್ತು. ಇನ್ನೊಂದು, ವಿಂಗ್‌ಲೆಟ್ ಹಾಕಿದಾಗಲೆಲ್ಲ ವಿಮಾನ ಬಲಕ್ಕೆ ಎಳೆಯುತ್ತಿತ್ತು. ಬೆನ್ನ ಮೇಲೆ ಕಟ್ಟಿದ್ದ ಪುಟ್ಟ ಕ್ಯಾಮೆರಾದಲ್ಲಿ ನೋಡಿದರೆ ಎಡಗಡೆ ದಾರ ಸರಿಯಾಗಿ ಮಲಗಿವೆ. ಬಲಗಡೆ ಮೂಲೆಯಲ್ಲಿ ಮೂರು ದಾರ ಕುಣಿಯುತ್ತಿವೆ, ಒಂದು ಮುಂದಕ್ಕೆ ತಿರುಗಿದೆ.

ರೈನ್_ತೀರದ_ಕನ್ನಡಿಗ
ಟೋ ಎಷ್ಟು ಇಟ್ಟಿದ್ದೀರಿ? ಎರಡೂ ಕಡೆ ಒಂದೇನಾ?

ಫೋಮ್‌ಬೋರ್ಡ್_ಹುಡುಗ
ಎಡಗಡೆ 2 ಡಿಗ್ರಿ ಹೊರಕ್ಕೆ. ಬಲಗಡೆದು ಫ್ರೆಂಡ್ ಕೂರಿಸಿದ್ದ. ಈಗ ಅಳೆದೆ ಅಣ್ಣ. 3 ಡಿಗ್ರಿ ಇದೆ, ಒಳಕ್ಕೆ.